ನೆಲಕ್ಕೆ ಅಂಟಿದ ಔರಾದ್

ಸ್ಲೈಡಿನ ಮೇಲೆ ಇಪ್ಪತ್ನಾಲ್ಕು ಕಂಬಗಳು ಇರಬೇಕಿತ್ತು. ಕಂಡದ್ದು ಒಂದೇ. ಉಳಿದ ಇಪ್ಪತ್ಮೂರು ಎಲ್ಲಿ ಹೋದವು ಅಂತ ಯಾರೂ ಕೇಳಲಿಲ್ಲ, ಯಾಕಂದ್ರೆ ಆ ಒಂದು ಕಂಬ ಅಷ್ಟು ಚೆಂದ ಇತ್ತು. ಬೀದರ್‌ನ ಆ ಮೀಟಿಂಗ್ ರೂಮಿನಲ್ಲಿ ಚಹಾ ಬಂತು, ಚಪ್ಪಾಳೆ ಆಯ್ತು. ಹಣ ಕೊಡುವ ಸಂಸ್ಥೆಯವರು, "ಹಾಗಾದ್ರೆ ಇನ್ನು ಮುಂದೆ ಬಿದ್ರಿ ಮಾತ್ರ ಮಾಡಿ, ಔರಾದ್, ಭಾಲ್ಕಿ ನಿಲ್ಲಿಸಿಬಿಡೋಣ" ಅಂದರು. ನನ್ನ ಪಕ್ಕದಲ್ಲಿ ಕೂತಿದ್ದ ಔರಾದ್ ಹುಡುಗ ಪರದೆಯನ್ನೇ ನೋಡುತ್ತಿದ್ದವನು ಮೆಲ್ಲಗೆ ಕೇಳಿದ: "ಅಕ್ಕಾ, ನಮ್ ಔರಾದ್ ಎಲ್ಲದ? ಕಾಣವಲ್ದು."

ಅವನ ಪ್ರಶ್ನೆಗೆ ಉತ್ತರವಾಗಿ ಈ ಲೇಖನ. ಔರಾದ್ ಅಲ್ಲೇ ಇತ್ತು. ಅದನ್ನು ಕಾಣದ ಹಾಗೆ ಮಾಡಿದ್ದು ಜನ ಅಲ್ಲ, ಆ ಗ್ರಾಫಿನ ಎಡಗಡೆಯ ಗೆರೆ.

ವಿಷಯ ಏನಂದ್ರೆ, ಮೂರು ಊರಿನ ಮೂವರು ಹುಡುಗರು ಸೇರಿ ಒಂದು ಯೂಟ್ಯೂಬ್ ಚಾನೆಲ್ ನಡೆಸುತ್ತಾರೆ. ಹೆಸರು ಹೇಳಲ್ಲ, ಅಂಕಿಗಳನ್ನೂ ಸ್ವಲ್ಪ ದುಂಡಗೆ ಮಾಡಿದ್ದೇನೆ. ಬೀದರ್, ಭಾಲ್ಕಿ, ಔರಾದ್ ಒಂದೊಂದರಿಂದ ಎಂಟೆಂಟು ವಿಡಿಯೋ, ಒಟ್ಟು ಇಪ್ಪತ್ನಾಲ್ಕು. ಎಲ್ಲವೂ ಐದಾರು ನಿಮಿಷದವು, ಶಾರ್ಟ್ಸ್ ಒಂದೂ ಇಲ್ಲ. ಬೀದರ್‌ನವನು ಒಂದು ದಿನ ಬಿದ್ರಿ ಕುಶಲಕರ್ಮಿಗಳ ಅಂಗಡಿಗೆ ಹೋಗಿ, ಪಾತ್ರೆ ಕಪ್ಪಾಗುವ ಗಳಿಗೆಯನ್ನು ಹತ್ತಿರದಿಂದ ತೆಗೆದ. ನೋಡಿದವರಿಗೆ ಗೊತ್ತು, ಅದೊಂದು ಜಾದೂ. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಬೂದು ಪಾತ್ರೆಗೆ ಬೆಳ್ಳಿ ಕುಸುರಿ ಕೂರಿಸಿ, ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚುತ್ತಾರೆ. ಲೋಹವೆಲ್ಲ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆ ವಿಡಿಯೋ 28 ದಿನದಲ್ಲಿ 18,40,000 ವ್ಯೂಸ್ ಕಂಡಿತು. ಖುಷಿಪಡಬೇಕಾದ್ದೇ, ನಾನೂ ಪಟ್ಟೆ.

ಉಳಿದವುಗಳ ಲೆಕ್ಕ ಹೀಗಿತ್ತು. ಬೀದರ್‌ನ ಇನ್ನೇಳು: 2,600, 1,900, 1,500, 1,200, 900, 700, 400. ಭಾಲ್ಕಿಯ ಎಂಟು: 3,400, 2,200, 1,800, 1,600, 1,300, 1,000, 800, 600. ಔರಾದ್‌ನ ಎಂಟು: 9,200, 6,100, 4,800, 3,900, 3,100, 2,400, 1,700, 500. ಎಲ್ಲವೂ ಹಾಕಿದ ದಿನದಿಂದ 28 ದಿನದ ಲೆಕ್ಕವೇ. ಮೀಟಿಂಗಿನ ಸ್ಲೈಡಿನಲ್ಲಿ ಅದೂ ಇರಲಿಲ್ಲ, ಆರು ತಿಂಗಳ ಹಳೆಯ ವಿಡಿಯೋನೂ ಹೋದ ವಾರದ್ದೂ ಒಂದೇ ಸಾಲಿನಲ್ಲಿ ನಿಂತಿದ್ದವು. ಅದು ಬೇರೆಯೇ ತಪ್ಪು, ಇರ್ಲಿ.

ಈಗ ಒಂದು ಸ್ಕೇಲ್ ಹಿಡ್ಕೊಂಡು ಕೂರೋಣ. ಗ್ರಾಫ್ 20 ಸೆಂಟಿಮೀಟರ್ ಎತ್ತರ, ತುದಿಯಲ್ಲಿ 20 ಲಕ್ಷ ಅಂತಿಟ್ಟುಕೊಳ್ಳಿ. ಒಂದು ಸೆಂಟಿಮೀಟರಿಗೆ ಒಂದು ಲಕ್ಷ. ಬಿದ್ರಿ ಕಂಬ ಹದಿನೆಂಟು ಸೆಂಟಿಮೀಟರ್ ದಾಟುತ್ತದೆ. ಔರಾದ್‌ನ ಅತಿ ದೊಡ್ಡ ವಿಡಿಯೋ, ಅಂದ್ರೆ 9,200 ವ್ಯೂಸ್, ಒಂದು ಮಿಲಿಮೀಟರೂ ಇಲ್ಲ. ಇಪ್ಪತ್ನಾಲ್ಕರ ನಟ್ಟನಡುವಿನ ಸಂಖ್ಯೆ 1,750, ಅದರ ಎತ್ತರ 0.175 ಮಿಲಿಮೀಟರ್. ಸ್ಲೈಡಿನಲ್ಲಿ ತಳದ ಗೆರೆಯನ್ನು ಒಂದು ಪಾಯಿಂಟ್ ದಪ್ಪಕ್ಕೆ ಎಳೆದಿದ್ದರು, ಅದೇ 0.35 ಮಿಲಿಮೀಟರ್ ಆಗುತ್ತದೆ. ಅಂದರೆ ಚಾನೆಲ್ಲಿನ ಅರ್ಧಕ್ಕರ್ಧ ವಿಡಿಯೋಗಳು ಆ ಗೆರೆಯ ಶಾಯಿಯೊಳಗೇ ಮುಳುಗಿಹೋಗಿದ್ದವು. 9,200ಕ್ಕೂ 400ಕ್ಕೂ ಇಪ್ಪತ್ಮೂರು ಪಟ್ಟು ವ್ಯತ್ಯಾಸವಿದೆ, ಆದರೆ ಕಣ್ಣಿಗೆ ಎರಡೂ ಸೊನ್ನೆ. ಔರಾದ್ ಸೋತಿತು ಅಂತ ಆ ಗ್ರಾಫ್ ಹೇಳಲಿಲ್ಲ. ಅದಕ್ಕೆ ಔರಾದ್ ಬಗ್ಗೆ ಏನನ್ನೂ ಹೇಳುವ ಶಕ್ತಿಯೇ ಇರಲಿಲ್ಲ. ರೂಮಿನಲ್ಲಿದ್ದವರು ಆ ಮೌನವನ್ನು ಸೋಲು ಅಂತ ಓದಿಕೊಂಡರು.

ಇನ್ನೂ ಹೊಟ್ಟೆ ಉರಿಯುವ ಸಂಗತಿ ಅದೇ ಶಾಯಿಯೊಳಗಿತ್ತು. ವೈರಲ್ ಆದ ಮೇಲೆ ಬೀದರ್ ಹುಡುಗ ಬಿದ್ರಿ ಬಗ್ಗೆ ಇನ್ನೂ ಎರಡು ವಿಡಿಯೋ ಮಾಡಿದ್ದ. ಅವೇ ಆ 1,900 ಮತ್ತು 700. "ಇದನ್ನೇ ಇನ್ನಷ್ಟು ಮಾಡಿ" ಅಂತ ಸಂಸ್ಥೆಯವರು ಹೇಳುತ್ತಿದ್ದಾಗ, ಇನ್ನಷ್ಟು ಮಾಡಿದರೆ ಏನಾಗುತ್ತದೆ ಅನ್ನುವ ಸಾಕ್ಷಿ ಅವರ ಕಣ್ಣೆದುರಿನ ಸ್ಲೈಡಿನಲ್ಲೇ ಇತ್ತು. ಕಾಣುವಂತಿರಲಿಲ್ಲ, ಅಷ್ಟೇ.

ಸ್ಲೈಡಿನ ಮೂಲೆಯಲ್ಲಿ ಸರಾಸರಿಯನ್ನೂ ಹಾಕಿದ್ದರು: ಬೀದರ್ 2,31,150, ಔರಾದ್ 3,962. ಲೆಕ್ಕ ತಪ್ಪಿಲ್ಲ. ಆದರೆ ಬೀದರ್‌ನ ಎಂಟು ವಿಡಿಯೋಗಳಲ್ಲಿ ಎರಡು ಲಕ್ಷದ ಹತ್ತಿರ ಇರುವುದು ಒಂದೂ ಇಲ್ಲ. ಒಂದು ಹದಿನೆಂಟು ಲಕ್ಷದಲ್ಲಿದೆ, ಏಳು ಮೂರು ಸಾವಿರವನ್ನೂ ಮುಟ್ಟಿಲ್ಲ. ನಟ್ಟನಡುವಿನ ಸಂಖ್ಯೆ ತೆಗೆದರೆ ಬೀದರ್ 1,350, ಭಾಲ್ಕಿ 1,450, ಔರಾದ್ 3,500.

ಇಷ್ಟು ಹೇಳಿದರೆ ನಮ್ಮಂಥ ಡ್ಯಾಶ್‌ಬೋರ್ಡ್ ಜನ ತಕ್ಷಣ ಮೂರು ಮದ್ದು ಹೇಳುತ್ತಾರೆ. ಒಂದು, ಆ ದೊಡ್ಡದನ್ನು ಔಟ್‌ಲೈಯರ್ ಅಂತ ತೆಗೆದುಹಾಕಿ. ಇದು ಕಳ್ಳಲೆಕ್ಕ. ಹುಡುಗನ ಆರು ನಿಮಿಷದ ವಿಡಿಯೋ ಹದಿನೆಂಟು ಲಕ್ಷ ಸಲ ನೋಡಿಸಿಕೊಂಡದ್ದು ಯಂತ್ರದ ದೋಷ ಅಲ್ಲ, ನಿಜವಾಗಿ ನಡೆದದ್ದು. ಎರಡನೆಯದು, ಅಡ್ಡಕ್ಕೆ ಜಿಗ್‌ಜಾಗ್ ಹಾಕಿ ಕಂಬವನ್ನು ನಡುವೆ ಕತ್ತರಿಸಿ. ಹಾಗೆ ಮಾಡಿದರೆ ಹದಿನೆಂಟು ಲಕ್ಷ ಅನ್ನುವುದು ಒಂಬತ್ತು ಸಾವಿರದ ತಲೆ ಮೇಲೆ ಕೂತಂತೆ ಕಾಣುತ್ತದೆ, ಆ ಪುಟ್ಟ ಜಿಗ್‌ಜಾಗ್ ಯಾರ ಕಣ್ಣಿಗೂ ಬೀಳಲ್ಲ. ಮೂರನೆಯದು ಲಾಗ್. ಇದರ ಜೊತೆಗೇ ನನ್ನ ನಿಜವಾದ ಜಗಳ ಇರೋದು, ಯಾಕಂದ್ರೆ ಇದು ಅರ್ಧ ಸರಿ.

ಲಾಗ್ ಅಕ್ಷದಲ್ಲಿ ಸಮಾನ ದೂರ ಅಂದರೆ ಸಮಾನ ಪಟ್ಟು. ನೂರರಿಂದ ಸಾವಿರಕ್ಕೆ ಎಷ್ಟು ಎತ್ತರವೋ, ಸಾವಿರದಿಂದ ಹತ್ತು ಸಾವಿರಕ್ಕೂ ಅಷ್ಟೇ, ಹತ್ತು ಲಕ್ಷದಿಂದ ಕೋಟಿಗೂ ಅಷ್ಟೇ. ಅದೇ 20 ಸೆಂಟಿಮೀಟರಿನಲ್ಲಿ ಕೆಳಗೆ 100, ಮೇಲೆ 1 ಕೋಟಿ ಇಟ್ಟರೆ ಐದು ಮೆಟ್ಟಿಲು, ಒಂದೊಂದಕ್ಕೆ ನಾಲ್ಕು ಸೆಂಟಿಮೀಟರ್. ಈಗ 400 ಬರುವುದು ಸುಮಾರು 2.4 ಸೆಂಟಿಮೀಟರಿನಲ್ಲಿ, 1,750 ಸುಮಾರು 5ರಲ್ಲಿ, 9,200 ಸುಮಾರು 7.9ರಲ್ಲಿ, ಬಿದ್ರಿ 17ರಲ್ಲಿ. ಇಪ್ಪತ್ನಾಲ್ಕೂ ಕಾಣುತ್ತವೆ. ಔರಾದ್‌ನ ಚುಕ್ಕಿಗಳು ಉಳಿದೆರಡು ಊರಿಗಿಂತ ಮೇಲೆ ತೇಲುತ್ತಿರುವುದೂ ಕಾಣುತ್ತದೆ.

ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲ ಇದೆ, ಯಾರೂ ಬಳಸಿಕೊಳ್ಳಲ್ಲ. ಸಾಫ್ಟ್‌ವೇರ್ ತಾನಾಗಿ ಹಾಕುವ 10^5, 100K, 1M ಅನ್ನುವ ಗುರುತುಗಳನ್ನು ಅಳಿಸಿ ನೂರು, ಸಾವಿರ, ಹತ್ತು ಸಾವಿರ, ಲಕ್ಷ, ಹತ್ತು ಲಕ್ಷ, ಕೋಟಿ ಅಂತ ಬರೆಯಿರಿ. ಲಾಗ್‌ನ ಪ್ರತಿ ಮೆಟ್ಟಿಲಿಗೂ ನಮ್ಮಲ್ಲಿ ಬಾಯಲ್ಲಿ ಆಡುವ ಹೆಸರಿದೆ. ಬೀದರ್ ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುವವರು ದಿನಾ ಹತ್ತಿಳಿಯುವ ಮೆಟ್ಟಿಲುಗಳೇ ಅವು.

ಆದರೆ ಎರಡು ಷರತ್ತು. ಲಾಗ್ ಅಕ್ಷದ ಮೇಲೆ ಕಂಬ ಎಬ್ಬಿಸಬೇಡಿ, ಚುಕ್ಕಿ ಇಡಿ. ಕಂಬದ ಅರ್ಥ ಇರುವುದೇ ಅದರ ಉದ್ದದಲ್ಲಿ, ಉದ್ದ ಅಳೆಯಬೇಕಾದರೆ ಸೊನ್ನೆಯಿಂದ ಶುರುವಾಗಬೇಕು. ಲಾಗ್‌ನಲ್ಲಿ ಸೊನ್ನೆಯೇ ಇಲ್ಲ, ಎಷ್ಟು ಇಳಿದರೂ ಸಿಗಲ್ಲ. ಹಾಗಾಗಿ ತಳ ಎಲ್ಲಿ ಅನ್ನೋದು ಗ್ರಾಫ್ ಬರೆದವನ ಮರ್ಜಿ. ಮೇಲಿನ ಲೆಕ್ಕದಲ್ಲಿ ತಳ 100 ಇದ್ದಾಗ ಬಿದ್ರಿ ಕಂಬ ಔರಾದ್‌ನ ಅತಿ ದೊಡ್ಡ ಕಂಬದ ಸುಮಾರು 2.2ರಷ್ಟು ಉದ್ದ. ತಳವನ್ನು 1ಕ್ಕೆ ಇಳಿಸಿದರೆ ಅದೇ ಕಂಬ 1.6ರಷ್ಟಕ್ಕೆ ಕುಗ್ಗುತ್ತದೆ. ನಿಜವಾದ ವ್ಯತ್ಯಾಸ 200 ಪಟ್ಟು. ಅಂಕಿ ಬದಲಾಗದೆ ಉದ್ದ ಬದಲಾಗುವುದಾದರೆ ಆ ಉದ್ದಕ್ಕೆ ಏನು ಬೆಲೆ? ಚುಕ್ಕಿಗೆ ಈ ರೋಗ ಇಲ್ಲ, ಅದು ಸ್ಥಾನ ತೋರಿಸುತ್ತದೆ, ಉದ್ದವನ್ನಲ್ಲ. ಹಾಗೇ, ಇವತ್ತು ಬೆಳಗ್ಗೆ ಹಾಕಿದ, ಇನ್ನೂ ಒಂದೂ ವ್ಯೂ ಬಾರದ ವಿಡಿಯೋಗೆ ಲಾಗ್ ಗ್ರಾಫಿನಲ್ಲಿ ಜಾಗವೇ ಇಲ್ಲ. ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಪಟ್ಟಿಯಲ್ಲಿ ಎಷ್ಟು ವಿಡಿಯೋ ಇವೆ, ಗ್ರಾಫಿನಲ್ಲಿ ಎಷ್ಟು ಚುಕ್ಕಿ ಇವೆ ಅಂತ ಒಮ್ಮೆ ಎಣಿಸಿದರೆ ಗೊತ್ತಾಗುತ್ತದೆ.

ಎರಡನೆಯ ಷರತ್ತು ದೊಡ್ಡದು: ಲಾಗ್ ಗ್ರಾಫನ್ನು ಮೀಟಿಂಗಿಗೆ ತರಬೇಡಿ. ಇದು ನನ್ನ ಅಹಂಕಾರದ ಮಾತಲ್ಲ. 2020ರಲ್ಲಿ, ಕೋವಿಡ್ ಗ್ರಾಫುಗಳು ಎಲ್ಲರ ಫೋನಿನಲ್ಲೂ ಓಡಾಡುತ್ತಿದ್ದ ಕಾಲದಲ್ಲಿ, ಸಾವಿನ ಸಂಖ್ಯೆಯ ಒಂದೇ ಅಂಕಿಗಳನ್ನು ಎರಡು ಬಗೆಯಲ್ಲಿ ಬರೆದು ಅಮೆರಿಕದ ಜನರಿಗೆ ತೋರಿಸಿದ ಅಧ್ಯಯನವೊಂದು ಹೆಲ್ತ್ ಎಕನಾಮಿಕ್ಸ್ ಪತ್ರಿಕೆಯಲ್ಲಿ ಬಂತು. ಗ್ರಾಫ್ ಬಗ್ಗೆ ಕೇಳಿದ ಸರಳ ಪ್ರಶ್ನೆಗೆ ಸಾಮಾನ್ಯ ಅಕ್ಷ ನೋಡಿದವರಲ್ಲಿ ಸುಮಾರು 84 ಶೇಕಡಾ ಜನ ಸರಿ ಉತ್ತರ ಕೊಟ್ಟರು, ಲಾಗ್ ನೋಡಿದವರಲ್ಲಿ ಸುಮಾರು 41 ಶೇಕಡಾ ಮಾತ್ರ. ಅರ್ಧಕ್ಕಿಂತ ಹೆಚ್ಚು ಜನ ತಪ್ಪು ಓದುವ ಚಿತ್ರವನ್ನು, ಒಬ್ಬ ಹುಡುಗನ ಕೆಲಸ ಇರುತ್ತೋ ಹೋಗುತ್ತೋ ಅಂತ ತೀರ್ಮಾನ ಆಗುವ ರೂಮಿಗೆ ತರೋದು ಹೇಗೆ? ಲಾಗ್ ನನ್ನ ಲ್ಯಾಪ್‌ಟಾಪಿನಲ್ಲಿ ಇರಲಿ, ನಾನು ನೋಡಿ ಅರ್ಥ ಮಾಡಿಕೊಳ್ಳೋದಕ್ಕೆ.

ರೂಮಿಗೆ ತರಬೇಕಾದ್ದು ಪರ್ಸೆಂಟೈಲ್. ಬೀದರ್‌ನಲ್ಲಿ ಇದನ್ನು ವಿವರಿಸುವ ಕಷ್ಟವೇ ಇಲ್ಲ. ನೀಟ್ ಕೋಚಿಂಗಿಗೆ ಹೆಸರಾದ ಊರು, ಮನೆಗೊಬ್ಬ ಅಲ್ಲದಿದ್ದರೂ ಓಣಿಗೊಬ್ಬ ನೀಟ್ ಬರೆದವನು ಸಿಗ್ತಾನೆ. ಪರ್ಸೆಂಟೈಲ್ ಅಂದರೆ ಅಂಕ ಅಲ್ಲ, ಎಷ್ಟು ಮಂದಿಯನ್ನು ಹಿಂದೆ ಹಾಕಿದ್ದೀಯ ಅನ್ನೋದು ಅಂತ ಅವನ ಅವ್ವನೂ ಹೇಳ್ತಾಳೆ.

ಎಕ್ಸೆಲ್‌ನಲ್ಲಿ ಒಂದೇ ಸಾಲಿನ ಕೆಲಸ. 28 ದಿನದ ವ್ಯೂಸ್ B ಕಾಲಂನಲ್ಲಿ ಇದ್ದರೆ ಪಕ್ಕದಲ್ಲಿ ಹೀಗೆ ಬರೆದು ಕೆಳಗಿನವರೆಗೆ ಎಳೆಯಿರಿ:

```
=PERCENTRANK.INC(B$2:B$25,B2)*100
```

ಬಿದ್ರಿ ವಿಡಿಯೋಗೆ 100 ಬರುತ್ತದೆ, ಕೊನೆಯ 400ಕ್ಕೆ 0. ಔರಾದ್‌ನ ಎಂಟು ವಿಡಿಯೋ ಹೆಚ್ಚುಕಮ್ಮಿ 96, 91, 87, 83, 74, 65, 48, 4. ಒಂದೊಂದು ಊರಿನ ನಟ್ಟನಡು ತೆಗೆದರೆ ಔರಾದ್ 78, ಭಾಲ್ಕಿ 39, ಬೀದರ್ 35. ಮೂರು ಸಾಲು, ಒಂದೊಂದರಲ್ಲಿ ಎಂಟು ಚುಕ್ಕಿ, ನಡುವೆ 50ರ ಒಂದು ಗೆರೆ. ಗೆರೆಯ ಆ ಕಡೆ ಔರಾದ್‌ನ ಆರು, ಬೀದರ್‌ನ ಮೂರು, ಭಾಲ್ಕಿಯ ಮೂರು. ವಿವರಣೆ ಕೇಳದೆ ಅರ್ಥವಾಗುವ ಚಿತ್ರ.

ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಪಟ್ಟಿಯಲ್ಲಿ ಒಂದೇ ಜಾತಿಯ ವಿಡಿಯೋಗಳು ಇರಬೇಕು. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವಿಡಿಯೋ ಶುರುವಾದರೆ ಸಾಕು, ಮತ್ತೆ ಸುತ್ತಿ ಬಂದರೂ ಸಾಕು, ಒಂದು ವ್ಯೂ ಅಂತ ಎಣಿಸುತ್ತದೆ. ಉದ್ದ ವಿಡಿಯೋಗಳಿಗೆ ಆ ಲೆಕ್ಕ ಇಲ್ಲ. ಎರಡನ್ನೂ ಒಂದೇ ಸಾಲಿಗೆ ನಿಲ್ಲಿಸಿದರೆ ಶಾರ್ಟ್ಸ್ ಎಲ್ಲ ಮೇಲೆ, ಉಳಿದದ್ದೆಲ್ಲ ಕೆಳಗೆ ಬಂದು ಕೂರುತ್ತದೆ, ನಿಮ್ಮ ಊರುಗಳ ಬಗ್ಗೆ ಏನೂ ತಿಳಿಯಲ್ಲ.

ಈಗ ಎದುರು ವಾದ. ಆ ಮೀಟಿಂಗಿನಲ್ಲೇ ಒಬ್ಬರು ಕೇಳಿದರು, ಸರಿಯಾಗಿಯೇ ಕೇಳಿದರು: "ಹದಿನೆಂಟು ಲಕ್ಷಕ್ಕೆ 100, ಒಂಬತ್ತು ಸಾವಿರಕ್ಕೆ 96. ಬರೀ ನಾಲ್ಕು ಪಾಯಿಂಟ್ ವ್ಯತ್ಯಾಸಾನಾ ಮೇಡಂ? ಇದು ಮೋಸ ಅಲ್ವಾ?" ಹೌದು, ಪರ್ಸೆಂಟೈಲ್ ಗಾತ್ರವನ್ನು ನುಂಗಿಬಿಡುತ್ತದೆ. ಬಿದ್ರಿ ವಿಡಿಯೋ ಹದಿನೆಂಟು ಲಕ್ಷದ ಬದಲು ಹದಿನೆಂಟು ಕೋಟಿ ಆಗಿದ್ದರೂ ಅದು ಅಲ್ಲೇ 100ರಲ್ಲಿ ಇರುತ್ತಿತ್ತು. ನಡುವಿನ ಗುಂಪಿನಲ್ಲಿ ಇದರ ಉಲ್ಟಾ ಆಗುತ್ತದೆ: 1,900, 1,800, 1,700, 1,600 ಇವುಗಳ ನಡುವೆ ನೂರು ವ್ಯೂಸ್ ಅಂತರ, ಅಂದ್ರೆ ಏನೂ ಅಲ್ಲ, ಆದರೂ ಒಂದೊಂದಕ್ಕೆ ನಾಲ್ಕು ಪಾಯಿಂಟ್ ಏರಿಳಿತ. ಅದಕ್ಕೇ ಆ ಗ್ರಾಫಿನ ತಲೆಯ ಮೇಲೆ ಒಂದು ವಾಕ್ಯ ಬರೆದಿದ್ದೆ: "ಒಟ್ಟು 18,93,600 ವ್ಯೂಸ್, ಅದರಲ್ಲಿ 97 ಶೇಕಡಾ ಒಂದೇ ವಿಡಿಯೋದ್ದು." ವೈರಲ್ ಬಗ್ಗೆ ಹೇಳಬೇಕಾದ್ದೆಲ್ಲ ಆ ಒಂದು ಸಾಲಿನಲ್ಲಿದೆ. ಒಂದು ಸಾಲಿನಲ್ಲಿ ಮುಗಿಯುವ ಸತ್ಯಕ್ಕೆ ಇಡೀ ಗ್ರಾಫ್ ಒಪ್ಪಿಸಿ, ಉಳಿದ ಇಪ್ಪತ್ಮೂರನ್ನು ಶಾಯಿಗೆ ಹಾಕೋದು ಯಾವ ನ್ಯಾಯ?

ಜಾಹೀರಾತಿನ ದುಡ್ಡು ಎಷ್ಟು ಬಂತು ಅಂತ ಕೇಳಿದರೆ ಒಟ್ಟು ಮೊತ್ತವೇ ಉತ್ತರ, ಅಲ್ಲಿ ಬಿದ್ರಿಯೇ ರಾಜ. ಆದರೆ ಆ ದಿನ ಕೇಳಿದ ಪ್ರಶ್ನೆ ಅದಲ್ಲ. ಮುಂದಿನ ತಿಂಗಳು ಕ್ಯಾಮೆರಾ ಯಾರ ಕೈಗೆ ಕೊಡೋಣ ಅನ್ನೋದು ಪ್ರಶ್ನೆ. ಮುಂದಿನ ವಿಡಿಯೋ ಎಲ್ಲಿ ಬೀಳಬಹುದು ಅಂತ ಹೇಳುವುದು ಹಿಂದಿನ ಸಾಮಾನ್ಯ ವಿಡಿಯೋಗಳು, ಒಮ್ಮೆ ಹೊಡೆದ ಲಾಟರಿ ಅಲ್ಲ.

ನನ್ನ ಕಡೆಯ ದೌರ್ಬಲ್ಯವನ್ನೂ ಒಪ್ಪಿಕೊಳ್ತೀನಿ. ಇಪ್ಪತ್ನಾಲ್ಕು ವಿಡಿಯೋ ಬಹಳ ಕಮ್ಮಿ. ಊರಿನ ಹೆಸರುಗಳನ್ನು ಚೀಟಿಯಲ್ಲಿ ಬರೆದು, ಕಲಸಿ, ಕಣ್ಣುಮುಚ್ಚಿ ಹಂಚಿದರೆ ಔರಾದ್‌ಗೆ ಮೇಲಿನ ಹನ್ನೆರಡರಲ್ಲಿ ಆರೋ ಹೆಚ್ಚೋ ಸಿಗುವ ಸಂಭವ ಸುಮಾರು ಹತ್ತರಲ್ಲಿ ಒಂದು. ಅದೃಷ್ಟ ಅಂತ ತಳ್ಳಿಹಾಕುವಷ್ಟು ದೊಡ್ಡದಲ್ಲ, ಪಕ್ಕಾ ಅಂತ ಎದೆ ತಟ್ಟುವಷ್ಟು ಚಿಕ್ಕದೂ ಅಲ್ಲ. ಹಾಗಾಗಿ ಔರಾದ್ ಗೆದ್ದಿದೆ ಅಂತ ನಾನು ಹೇಳಲಿಲ್ಲ. ಔರಾದನ್ನು ನಿಲ್ಲಿಸಲು ಈ ಅಂಕಿಗಳಲ್ಲಿ ಒಂದೂ ಕಾರಣ ಇಲ್ಲ ಅಂದೆ. ನಿಲ್ಲಿಸಬೇಕಾದ್ದು ಯಾವುದಾದರೂ ಇದ್ದರೆ ಅದು "ಇನ್ನಷ್ಟು ಬಿದ್ರಿ" ಅನ್ನುವ ಯೋಚನೆ ಅಂತಲೂ ಅಂದೆ, ಅದು ಅಷ್ಟಾಗಿ ಹಿಡಿಸಲಿಲ್ಲ.

ಸಣ್ಣ ಸಂಖ್ಯೆ ಅಂತ ಮೂಗು ಮುರಿಯುವವರಿಗೆ ಇನ್ನೊಂದು ಮಾತು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್ಸಿನ ಈಥನ್ ಝುಕರ್‌ಮನ್ ತಂಡ 2023ರಲ್ಲಿ ಪ್ರಕಟಿಸಿದ ಕೆಲಸ ಒಂದಿದೆ. ಯೂಟ್ಯೂಬ್ ವಿಡಿಯೋದ ವಿಳಾಸದಲ್ಲಿ ಬರುವ ಹನ್ನೊಂದು ಅಕ್ಷರಗಳನ್ನು ಕಂಪ್ಯೂಟರಿನಿಂದ ಸುಮ್ಮನೆ ಊಹಿಸುತ್ತಾ ಹೋಗಿ, ಸಿಕ್ಕಿದ ವಿಡಿಯೋಗಳನ್ನು ಎಣಿಸಿದರು. ಶಿಫಾರಸು ಇಲ್ಲ, ಹುಡುಕಾಟ ಇಲ್ಲ, ಪೂರಾ ಕುರುಡು ಆಯ್ಕೆ. ಹಾಗೆ ಸಿಕ್ಕ ವಿಡಿಯೋಗಳ ನಟ್ಟನಡುವಿನ ವ್ಯೂಸ್ ಸುಮಾರು 40. ಲಕ್ಷ ಅಲ್ಲ, ಸಾವಿರ ಅಲ್ಲ, ನಲವತ್ತು. ನಾವು ನೋಡುವ ಯೂಟ್ಯೂಬ್ ಎಲ್ಲ ಆ ಒಂದು ಉದ್ದ ಕಂಬದ ತುದಿ ಮಾತ್ರ. ಔರಾದ್‌ನ ಅತ್ಯಂತ ಕಳಪೆ ವಿಡಿಯೋನೂ ಆ ನಡುವಿನದಕ್ಕಿಂತ ಹತ್ತು ಪಟ್ಟು ಹೆಚ್ಚು ನೋಡಿಸಿಕೊಂಡಿದೆ.

ಮತ್ತೆ, ಆ 9,200 ಏನು ಅಂತ ರೂಮಿನಲ್ಲಿ ಯಾರೂ ಕೇಳಿರಲಿಲ್ಲ. ಸೋಯಾ ಬೆಳೆಗೆ ಬೀಳುವ ಬಸವನಹುಳುವಿನ ವಿಡಿಯೋ ಅದು. ಸಂಜೆ ಹೊತ್ತು ಹೊಲದ ಬದುವಿನಲ್ಲಿ ಒದ್ದೆ ಗೋಣಿಚೀಲ ಹಾಸಿಟ್ಟು, ಬೆಳಗಾಗೋದರೊಳಗೆ ಅದರಡಿ ಸೇರಿದ ಹುಳುಗಳನ್ನು ಆರಿಸಿ ಉಪ್ಪುನೀರಿಗೆ ಹಾಕೋದನ್ನು ಹುಡುಗ ತನ್ನ ಕಾಕಾನ ಹೊಲದಲ್ಲೇ ತೋರಿಸಿದ್ದ. ಬಿತ್ತನೆ ಆದ ಎರಡು ಮೂರು ವಾರದಲ್ಲಿ, ಎಳೆ ಸಸಿ ಇರುವಾಗ, ಮಾತ್ರ ಉಪಯೋಗಕ್ಕೆ ಬರುವ ವಿಷಯ. ಜೂನ್‌ನಲ್ಲಿ ಔರಾದ್ ನಿಲ್ಲಿಸಿದ್ದರೆ ಅದರ ಮುಂದಿನ ಭಾಗ ಬರುತ್ತಲೇ ಇರಲಿಲ್ಲ, ನವೆಂಬರಿನಲ್ಲಿ ಬಂದು ಮಾಡೋದೇನೂ ಇಲ್ಲ.

ಎರಡನೆಯ ಸಲ ಗ್ರಾಫ್ ತೋರಿಸಿದ ಮೇಲೆ ಸಂಸ್ಥೆಯವರು ಔರಾದ್‌ಗೆ ಇನ್ನು ನಾಲ್ಕು ವಿಡಿಯೋಗಳಿಗೆ ಹಣ ಕೊಡ್ತೀವಿ ಅಂದರು, ಭಾಲ್ಕಿಗೆ ಎರಡಕ್ಕೆ. ಬಿದ್ರಿಗೂ ನಾಲ್ಕು. ನಾನು ಬಯಸಿದಷ್ಟಲ್ಲ, ಆದರೂ ಆಯ್ತು. ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಔರಾದ್ ಹುಡುಗ ನನ್ನ ಫೋನ್ ಇಸ್ಕೊಂಡು ಗ್ರಾಫನ್ನು ದೊಡ್ಡದು ಮಾಡಿ ನೋಡಿದ. ಅವನ ಬೆರಳು ಎಲ್ಲಕ್ಕಿಂತ ಎಡಗಡೆ, 4ರ ಹತ್ತಿರ ಒಂಟಿಯಾಗಿ ನಿಂತಿದ್ದ ಚುಕ್ಕಿಯ ಮೇಲೆ ನಿಂತಿತು.

"ಇದು ಯಾವ್ದಂತ ಗೊತ್ತದೇನ್ರಿ ಅಕ್ಕಾ? ಅಮರೇಶ್ವರ ಜಾತ್ರಿದು. ಮೈಕ್ ಆನ್ ಮಾಡೋದೇ ಮರ್ತಿದ್ದೆ."